ರೇಣವ್ವ ಕೇಳಿದ ಭಾಷಣ

ದುರ್ಗದಬೈಲಿನ ನನ್ನ ಟೈಪಿಂಗ್ ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಜನ ಭಾಷಣ ಬರೆಸಲು ಬರುತ್ತಾರೆ. ಯಾವ ಕಾರ್ಯಕ್ರಮ, ಯಾರ ಮುಂದೆ ಎಂದು ಯಾರೂ ತಾವಾಗಿ ಹೇಳುವುದಿಲ್ಲ. ಮೊದಲೆಲ್ಲ ಕೇಳುತ್ತಿದ್ದೆ. ಹದಿನೆಂಟು ವರ್ಷ ಕೇಳಿ ಕೇಳಿ ಸಾಕಾಗಿ, ಈಗ ಒಂದು ಸಿದ್ಧ ಭಾಷಣ ಇಟ್ಟುಕೊಂಡಿದ್ದೇನೆ. ಎಲ್ಲರ ತಲೆಗೂ ಒಂದೇ ಮಂತ್ರ.

ಆ ಗುರುವಾರ ಸುಳ್ಳ ಎಂಬ ಹಳ್ಳಿಯಿಂದ ರೇಣವ್ವ ಬಂದಾಗಲೂ ಹಾಗೇ ಮಾಡಿದೆ. ಅರವತ್ತರ ಹೆಂಗಸು, ಬೆರಳುಗಳ ಮೇಲೆ ಹಳೇ ಸುಟ್ಟ ಕಲೆಗಳು. ಭಾಷಣ ಬರೆದು ಕೊಡ್ರಿ ಎಂದಳು, ಅಷ್ಟೇ. ನನಗೆ ಬೆಳಗಿನಿಂದ ಸೊಂಟ ಹಿಡಿದಿತ್ತು. ಹೆಸರೊಂದನ್ನು ಸೇರಿಸಿ ಪ್ರಿಂಟ್ ತೆಗೆದು ಕೈಗಿಟ್ಟೆ. ತನಗೆ ಓದಲು ಬರುವುದಿಲ್ಲ, ನೀವೇ ಓದಿ ಹೇಳಿ ಎಂದಳು. ಓದಿದೆ. ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಈ ಶುಭ ಸಂದರ್ಭದಲ್ಲಿ. ಅವಳು ಕಡೆಯತನಕ ಕೈ ಕಟ್ಟಿಕೊಂಡು ಕೇಳಿದಳು.

"ಛಲೋ ಐತ್ರಿ," ಅಂದಳು. "ಆದರ ಇದರಾಗ ನಾ ಎಲ್ಲೂ ಕಾಣಲಿಲ್ಲರಿ."

ಬೈದಿದ್ದರೆ ಬೇಜಾರಾಗುತ್ತಿರಲಿಲ್ಲ. ಓದಲು ಬರುತ್ತದೆಯೇ ಎಂದು ಸಹ ಕೇಳದೆ ಎರಡು ಹಾಳೆ ತುಂಬಿಸಿ ಕೊಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಸ್ಟೂಲು ಎಳೆದು ಕೂರಿಸಿ, ಬಹಳ ದಿನಗಳ ಮೇಲೆ ಸರಿಯಾಗಿ ಕೇಳತೊಡಗಿದೆ.

ಎಲ್ಲಿ ಮಾತಾಡಬೇಕು? ಸರಕಾರಿ ಶಾಲೆಯಲ್ಲಿ, ಶನಿವಾರ. ಬಿಸಿಯೂಟದ ಅಡುಗೆಯವಳು ಅವಳು, ಅರವತ್ತು ತುಂಬಿದ್ದರಿಂದ ಅಂದು ಬೀಳ್ಕೊಡುಗೆ. ಎದುರಿಗೆ ಯಾರಿರುತ್ತಾರೆ? ಮಾಸ್ತರು, ಊರಿನ ನಾಲ್ಕು ಜನ, ನೆಲದ ಮೇಲೆ ಮಕ್ಕಳು. ಅವಳ ಸರದಿ ಯಾವಾಗ? ಎಲ್ಲರೂ ಮಾತಾಡಿದ ಮೇಲೆ, ಊಟಕ್ಕೆ ಮುಂಚೆ. ಹಸಿದ ಮಕ್ಕಳ ಮುಂದೆ ಎರಡು ಹಾಳೆ ಯಾರಿಗೆ ಬೇಕು? ನಾಲ್ಕು ಮಾತು ಸಾಕು, ಬಾಯಿಪಾಠ ಮಾಡಿಸುತ್ತೇನೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಮುಖ ಅರಳಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮೊದಲೇ ಕೇಳಬೇಕಾದದ್ದು ಅದೇ.

"ನಿಮ್ಮ ಮಾತು ಕೇಳಿದ ಮ್ಯಾಲೆ ಯಾರು ಏನ್ ಮಾಡಬೇಕು ಅಂತೀರಿ, ಅವ್ವಾರ?"

ಸೆರಗಿನ ತುದಿ ತಿರುವುತ್ತ ಹೇಳಿದಳು. ಮೂರನೇ ತರಗತಿಯಲ್ಲಿ ಒಂದು ಹುಡುಗಿ ಇದೆ. ಮನೆಯಲ್ಲಿ ರಾತ್ರಿ ಒಲೆ ಹೊತ್ತುವುದೇ ಅಪರೂಪ. ಇನ್ನೂ ಬೇಕೇ ಎಂದು ಕೇಳಿದರೆ ಎಲ್ಲರ ಮುಂದೆ ಸಾಕು ಎಂದು ಅರೆಹೊಟ್ಟೆಯಲ್ಲೇ ಎದ್ದು ಬಿಡುತ್ತದೆ. ಸೋಮವಾರದಿಂದ ಸೌಟು ಹಿಡಿಯುವವಳು ದ್ರಾಕ್ಷಾಯಿಣಿ, ಅವಳಿಗೆ ಇದು ತಿಳಿಯದು. ಹಾಗಿದ್ದರೆ ಮೈಕಿನಲ್ಲಿ ಯಾಕೆ, ಆ ಮಗುವಿನ ಮಾನ ಹೋಗುತ್ತದಲ್ಲ, ದ್ರಾಕ್ಷಾಯಿಣಿಗೇ ಹೇಳಿ ಎಂದೆ.

"ಆಕಿ ಕೂಡ ಮಾತ ಬಿಟ್ಟೇನ್ರಿ," ಎಂದಳು. ಆ ಕೆಲಸ ತನ್ನ ಸೊಸೆಗೆ ಸಿಗಲಿ ಎಂದು ಓಡಾಡಿದ್ದಳಂತೆ. ಸಿಕ್ಕಿದ್ದು ದ್ರಾಕ್ಷಾಯಿಣಿಗೆ. ಎರಡು ತಿಂಗಳಿಂದ ಅವಳು ಎದುರಾದರೆ ಇವಳು ದಾರಿ ಬದಲಿಸುತ್ತಾಳೆ. ನೇರ ಹೇಳಲಾರದ್ದನ್ನು ಊರಿಗೆಲ್ಲ ಹೇಳಿದಂತೆ ಮಾಡಿ ಅವಳ ಕಿವಿಗೆ ಬೀಳಿಸಲು ಈ ಭಾಷಣ ಬೇಕಾಗಿತ್ತು.

ಮಕ್ಕಳಿಗೆಂದು ನಾಲ್ಕು ಮಾತು ಕಲಿಸಿದೆ. ಉಳಿದದ್ದಕ್ಕೆ ನನ್ನಲ್ಲಿ ಕಾಗದವಿಲ್ಲ, ಕೇಳುವವರು ಒಬ್ಬರೇ ಇದ್ದಲ್ಲಿ ಭಾಷಣ ನಡೆಯುವುದಿಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. ನಿಮಗೇನ್ರಿ, ಕೂತಲ್ಲೇ ಹೇಳತೀರಿ ಎಂದು ಗೊಣಗಿ ಬಸ್ಸಿಗೆ ಹೋದಳು. ನಾನು ಹೇಳಿದ್ದು ಸರಿಯೇ. ಆದರೂ ಆ ಎರಡು ದಿನ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಶನಿವಾರ ಮಧ್ಯಾಹ್ನ ಫೋನು ಮಾಡಿದಳು. ಮೈಕು ಕೈಗೆ ಬಂದಾಗ ಕಲಿತ ನಾಲ್ಕರಲ್ಲಿ ಎರಡು ಮಾತು ಮರೆತಿತ್ತಂತೆ, ಮಕ್ಕಳು ಅಷ್ಟಕ್ಕೇ ಚಪ್ಪಾಳೆ ಹೊಡೆದರಂತೆ. ಆಮೇಲೆ, ಅಂದು ಇವಳಿಗೆ ಸನ್ಮಾನವಾದ್ದರಿಂದ, ಬಡಿಸಲು ದ್ರಾಕ್ಷಾಯಿಣಿಯೇ ಅನ್ನದ ಪಾತ್ರೆಯ ಹತ್ತಿರ ನಿಂತಿದ್ದಳು. ಇವಳು ಶಾಲು ಹೊದ್ದುಕೊಂಡೇ ಹೋಗಿ ಪಕ್ಕದಲ್ಲಿ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಾಲಿನಲ್ಲಿ ಆ ಹುಡುಗಿ ಬಂತು. ಉಳಿದವರಿಗೆಲ್ಲ ಕೇಳಿದಂತೆ ದ್ರಾಕ್ಷಾಯಿಣಿ ಅದಕ್ಕೂ ಇನ್ನೊಂದು ಸೌಟು ಬೇಕೇನು ಎಂದು ಕೇಳಲು ಬಾಯಿ ತೆರೆದಳು. ರೇಣವ್ವ ಅವಳ ಮೊಣಕೈ ಹಿಡಿದಳು.

"ಈಕಿಗೆ ಕೇಳಬ್ಯಾಡವಾ," ಎಂದಳಂತೆ ಮೆಲ್ಲಗೆ. "ಹಾಕಿ ಬಿಡು."

ದ್ರಾಕ್ಷಾಯಿಣಿ ಒಂದು ಗಳಿಗೆ ಅವಳ ಮುಖ ನೋಡಿದಳು, ಆಮೇಲೆ ತಟ್ಟೆ ತುಂಬ ಹಾಕಿದಳು.