ಟೈಲರ್ ಮಾವನ ಕೆಂಪು ಗುಂಡಿ

ಸಮುದಾಯ ಕೇಂದ್ರದ ದೊಡ್ಡ ಪರದೆಯ ಮೇಲೆ ಮಂಜು ಕವಿದಂತಿದ್ದ ಚಿತ್ರವೊಂದು ನಿಧಾನವಾಗಿ ತಿಳಿಯಾಗುತ್ತಿತ್ತು. ಅದೇನೆಂದು ಹೊಳೆದವರು ತಮ್ಮ ಮುಂದಿನ ಸಾಸರ್‌ನಷ್ಟು ಅಗಲದ ಗುಂಡಿಯನ್ನು ಒತ್ತಬೇಕು. ಒಮ್ಮೆ ಒತ್ತಿದರೆ ಚಿತ್ರ ನಿಲ್ಲುತ್ತದೆ, ಉತ್ತರ ಹೇಳಬಹುದು. ಇನ್ನೊಮ್ಮೆ ಒತ್ತಿದರೆ ಚಿತ್ರ ಮತ್ತೆ ಓಡುತ್ತದೆ, ಸರದಿ ತಪ್ಪುತ್ತದೆ.

ಆ ಎರಡನೆಯ ಸಲವೇ ಟೈಲರ್ ಮಾವನಿಗೆ ಮುಳುವಾಗಿತ್ತು. ನಡುಗುವ ಕೈ ಒಂದಕ್ಕೆ ಎರಡು ಸಲ ಒತ್ತಿಬಿಡುತ್ತಿತ್ತು.

"ಕೊಡೆ!" ಎಂದರು ಮಾವ. ಅಷ್ಟರಲ್ಲಿ ಚಿತ್ರ ಮುಂದೆ ಓಡಿತ್ತು. ಹಸಿರು ಗುಂಡಿಯ ಮುಂದೆ ಕೂತಿದ್ದ ನಿವೃತ್ತ ಬಸ್ ಕಂಡಕ್ಟರ್ ಅದನ್ನೊತ್ತಿ, "ಕೊಡೆ" ಎಂದು ಅಂಕ ಬಾಚಿಕೊಂಡರು.

"ನಾನು ಹೇಳಿದ್ದನ್ನೇ ಕದ್ಯಲ್ಲಯ್ಯ!"

"ಹತ್ತಿ ಇಳಿದುಬಿಟ್ರೆ ಸೀಟು ಬೇರೆಯವರದೇ ಮಾವ!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಆಟ ನಡೆಸುವವಳತ್ತ ತಿರುಗಿ, "ನಾಳೆಯಿಂದ ನನ್ನ ಹೆಸರು ಹೊಡೆದುಹಾಕಮ್ಮ" ಎಂದರು.

ಕೈ ನಡುಗಲು ಶುರುವಾದ ಮೇಲೆ ವರ್ಷವಿಡೀ ಮನೆಯಲ್ಲೇ ಮುದುಡಿ ಕೂತಿದ್ದವರು. ಅವರ ಸೊಸೆ ಕಾಡಿ ಬೇಡಿ ಇಲ್ಲಿಗೆ ಕರೆತಂದು ಮೂರು ವಾರವೂ ಆಗಿರಲಿಲ್ಲ. ಈಗ ಹೋದರೆ ಮತ್ತೆ ಬರುವವರಲ್ಲ. ಎರಡನೆಯ ಒತ್ತನ್ನು ಲೆಕ್ಕಕ್ಕಿಡದಿರುವ ಉಪಾಯ ಆಟದಲ್ಲಿದೆಯೇ ಎಂದು ಅವಳು ನಿನ್ನೆಯೇ ತಡಕಾಡಿದ್ದಳು, ಸಿಕ್ಕಿರಲಿಲ್ಲ. ಮಾವನ ಪರವಾಗಿ ಬೇರೆಯವರು ಒತ್ತಲಿ ಎನ್ನಲು ಬಾಯಿ ಬರಲಿಲ್ಲ. ಹಾಗೆಂದರೆ ಅವರು ಈಗಲೇ ಎದ್ದು ಹೋಗುತ್ತಿದ್ದರು.

ಏನೂ ತೋಚದೆ ತಲೆ ತಗ್ಗಿಸಿದಳು. ಮೇಜಿನ ಕೆಳಗೆ ಮಾವನ ಬಲಗಾಲು ಆಟದ ಸಂಗೀತಕ್ಕೆ ತಾಳ ಹಾಕುತ್ತಿತ್ತು. ಒಂದೂ ತಪ್ಪದ, ಅಳೆದು ತೂಗಿದಂಥ ತಾಳ. ಮೇಲೆ ಕೈ ನಡುಗುತ್ತಿತ್ತು, ಕೆಳಗೆ ಕಾಲು ನಡುಗುತ್ತಿರಲಿಲ್ಲ.

"ಮಾವ, ಹೊಲಿಗೆ ಮಿಷನ್ ಎಷ್ಟು ವರ್ಷ ತುಳಿದ್ರಿ?"

"ನಲವತ್ತೆರಡು. ಯಾಕಮ್ಮ?"

ಮಾವನ ಕೆಂಪು ಗುಂಡಿಗೆ ತಂತಿ ಇರಲಿಲ್ಲ, ಅವಳು ಅದನ್ನೆತ್ತಿ ಅವರ ಕಾಲ ಬಳಿ ನೆಲಕ್ಕಿಟ್ಟಳು. ಜಾರದಿರಲೆಂದು ಅಡಿಗೆ ರಬ್ಬರ್ ಚಾಪೆ ಹಾಸಿದಳು. ಒಡೆದೀತೇ ಎಂಬ ಅಳುಕಿಗೆ ತಾನೇ ಎರಡು ಸಲ ತುಳಿದು ನೋಡಿದಳು. "ಕೂತೇ ತುಳೀರಿ. ಏಳಬೇಡಿ."

ಮಾವ ಚಪ್ಪಲಿ ಬಿಟ್ಟು ಪಾದವನ್ನು ಗುಂಡಿಯ ಮೇಲೆ ಹಗುರವಾಗಿಟ್ಟರು. ಹೊಸ ಚಿತ್ರ ಮೂಡತೊಡಗಿತು. ಇನ್ನೂ ಬರೀ ಕಂದು ಬಣ್ಣದ ಮುದ್ದೆ. ಟಪ್! ಒಂದೇ ಒಂದು ಸಲ. ಚಿತ್ರ ನಿಂತೇಬಿಟ್ಟಿತು.

"ಕುರ್ಚಿ" ಎಂದರು ಮಾವ, ನಿಧಾನವಾಗಿ. ಅವಸರವೇನಿತ್ತು?

ಮುಂದಿನ ನಾಲ್ಕೂ ಚಿತ್ರ ಅವರದೇ.

"ಇದು ಮೋಸ! ನಾನೂ ಕಾಲಲ್ಲೇ ಆಡ್ತೀನಿ" ಎಂದು ಕಂಡಕ್ಟರ್ ತಮ್ಮ ಗುಂಡಿಯನ್ನೂ ಕೆಳಗಿಡಿಸಿಕೊಂಡರು. ಮೊದಲ ಸಲಕ್ಕೇ ಗುಂಡಿ ತಪ್ಪಿ ಮೇಜಿನ ಕಾಲಿಗೆ ಒದ್ದು, "ಅಯ್ಯಪ್ಪಾ!" ಎಂದು ಹೆಬ್ಬೆರಳು ಹಿಡಿದುಕೊಂಡರು. ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ಹೊರಡುವಾಗ ಅವರು ಚಪ್ಪಲಿ ಕೈಯಲ್ಲೇ ಹಿಡಿದು ಬಾಗಿಲ ಬಳಿ ತಡೆದು ನಿಂತರು. "ನನ್ನ ಹೆಸರು... ಹೊಡೆದುಹಾಕಿಬಿಟ್ಯೇನಮ್ಮ?"

"ಎಲ್ಲಿ ಮಾವ, ಪೆನ್ನೇ ಸಿಗಲಿಲ್ಲ."

"ತುರುಬಲ್ಲೇ ಸಿಕ್ಕಿಸ್ಕೊಂಡಿದ್ದೀಯಲ್ಲ!" ಎಂದರು ಕುಂಟುತ್ತ ಬಂದ ಕಂಡಕ್ಟರ್.

"ಇರಲಿ ಬಿಡಯ್ಯ, ಅಲ್ಲೇ ಇರಲಿ" ಎಂದು ಮಾವ ಚಪ್ಪಲಿ ಮೆಟ್ಟಿಕೊಂಡರು.