ಫ್ಯಾನಿಗೆ ಹಾರದ ಹಾಳೆ

ಆ ಕೋಣೆಯಲ್ಲಿ ಫ್ಯಾನ್ ಇತ್ತು, ಆದರೆ ಹಾಕುವಂತಿರಲಿಲ್ಲ. ಕಿಟಕಿಯೂ ಇತ್ತು, ತೆಗೆಯುವಂತಿರಲಿಲ್ಲ. ಸಿಹಿತಿಂಡಿ ಕಾರ್ಖಾನೆಯ ಹಿಂಭಾಗದ ಆ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಒಬ್ಬಳೇ ಹೆಂಗಸು ಕೂತು ಗೋಡಂಬಿ ಸಿಹಿಯ ಮೇಲೆ ಬೆಳ್ಳಿ ಹಾಳೆ ಅಂಟಿಸುತ್ತಿದ್ದಳು. ಎಲ್ಲರೂ ಅವಳನ್ನು ಹಾಳೆಯಕ್ಕ ಎನ್ನುತ್ತಿದ್ದರು.

ಕೆಲಸ ಕಷ್ಟದ್ದಲ್ಲ, ನಾಜೂಕಿನದು. ತೆಳು ಕಾಗದಗಳ ಪುಸ್ತಕದಲ್ಲಿ ಒಂದೊಂದು ಕಾಗದಕ್ಕೂ ಒಂದೊಂದು ಬೆಳ್ಳಿ ಹಾಳೆ. ಅದನ್ನು ಕೈಯಲ್ಲಿ ಎತ್ತಲಾಗದು. ಮುಟ್ಟಿದರೆ ಬೆರಳಿಗೆ ಬೂದುಬಣ್ಣ ಬಳಿದಂತಾಗಿ ಇಲ್ಲವಾಗುತ್ತದೆ. ಕಾಗದದ ಸಮೇತ ಎತ್ತಿ, ಸಿಹಿಯ ಮೇಲೆ ಬೋರಲು ಹಾಕಿ, ಮೆಲ್ಲಗೆ ಒತ್ತಿ, ಕಾಗದ ಮಾತ್ರ ಎಳೆಯಬೇಕು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಹಾಳೆ ಮಡಚಿಕೊಳ್ಳುತ್ತದೆ. ಹಾಗಾಗಿ ಒಳಗೆ ಮತ್ತೊಬ್ಬರು ಕೂರುವಂತಿರಲಿಲ್ಲ, ಮಾತಂತೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಹೊರಗೆ ಬರುವಷ್ಟರಲ್ಲಿ ಉಳಿದವರದ್ದು ಮುಗಿದಿರುತ್ತಿತ್ತು. ಬಾಡಿಗೆ ಮನೆಗೆ ಹೋದರೆ ಅಲ್ಲಿಯೂ ಒಂದೇ ಕೋಣೆ, ಒಂದೇ ತಟ್ಟೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕೆಲವು ದಿನ ಬೆಳಗ್ಗೆ ಹಾಲಿನವನಿಗೆ ಹೇಳಿದ "ಅರ್ಧ ಲೀಟರ್" ಬಿಟ್ಟರೆ ಅವಳ ಬಾಯಿಂದ ಬೇರೆ ಮಾತೇ ಹೊರಡುತ್ತಿರಲಿಲ್ಲ.

ಒಂದು ಸೋಮವಾರ ಹೊಸ ಹಾಳೆ ಬಂತು. ಯಜಮಾನ ತಾನೇ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟ.

"ಹಳಬನ ಹತ್ರ ಸಿಗ್ತಾ ಇಲ್ಲ. ಇವನು ಹೊಸಬ. ಶುದ್ಧ ಬೆಳ್ಳಿ ಅಂತ ಬರೆದುಕೊಟ್ಟಿದ್ದಾನೆ. ನೋಡಿ, ಹೇಗಿದೆ ಹೇಳಿ."

ಹಾಳೆಯಕ್ಕ ಒಂದನ್ನು ಎತ್ತಿದಳು. ಎತ್ತಲು ಬಂತು. ಬೆರಳುಗಳ ನಡುವೆ ಉಜ್ಜಿದಳು. ಅದು ಪುಡಿಯಾಗಿ ಮಾಯವಾಗಲಿಲ್ಲ, ಸಣ್ಣ ಉಂಡೆಯಾಯಿತು. ಅಷ್ಟರಲ್ಲೇ ಅವಳಿಗೆ ಗೊತ್ತಾಗಿಹೋಯಿತು. ಇದು ಬೆಳ್ಳಿಯಲ್ಲ, ಅಲ್ಯೂಮಿನಿಯಂ. ಇದಾದರೆ ಕೆಮ್ಮಿದರೂ ಮಡಚದು, ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದು.

"ಹೇಗಿದೆ?"

"ಕೆಲಸ ಬೇಗ ಆಗುತ್ತೆ," ಎಂದಳು. ಅದೇನೂ ಸುಳ್ಳಾಗಿರಲಿಲ್ಲ.

ಯಜಮಾನ ಫ್ಯಾನಿನ ಸ್ವಿಚ್ ಒತ್ತಿ ನೋಡಿದ. ಹಾಳೆ ಅಲುಗಾಡಲಿಲ್ಲ. "ಅರೆ, ಇದು ವಾಸಿ ಕಣ್ರೀ. ಪ್ಯಾಕಿಂಗ್‌ನವರು ಅಲ್ಲಿ ಒಲೆ ಪಕ್ಕ ಬೇಯ್ತಾ ಇದ್ದಾರೆ. ಒಬ್ಬಳನ್ನ ಇಲ್ಲಿ ಕೂರಿಸ್ತೀನಿ."

ಹೀಗೆ ಮಾತಿನಮಲ್ಲಿ ಒಳಗೆ ಬಂದಳು. ಅದು ಅವಳಿಗೆ ಪ್ಯಾಕಿಂಗ್‌ನವರು ಇಟ್ಟ ಹೆಸರು. ಬಾಗಿಲು ದಾಟುವ ಮೊದಲೇ ಶುರುವಾಯಿತು.

"ಅಕ್ಕಾ, ಇಷ್ಟು ವರ್ಷ ಇಲ್ಲಿ ಒಬ್ಬಳೇ ಏನು ಮಾಡ್ತಿದ್ದೆ? ನಾನಾಗಿದ್ರೆ ಗೋಡೆ ಜೊತೆ ಜಗಳ ಆಡಿರ್ತಿದ್ದೆ."

"ಗೋಡೆ ತಿರುಗಿ ಮಾತಾಡಲ್ಲ."

"ಅದಕ್ಕೇ ಹೇಳಿದ್ದು. ನನ್ನ ಗಂಡನೂ ಅದೇ ಜಾತಿ."

ಹಾಳೆಯಕ್ಕ ನಕ್ಕಳು. ಹಾಳೆಯೇನೂ ಹರಿಯಲಿಲ್ಲ.

ಒಬ್ಬಳು ಅಂಟಿಸುವುದು, ಒಬ್ಬಳು ಡಬ್ಬಕ್ಕೆ ತುಂಬುವುದು. ಮಾತಿನಮಲ್ಲಿ ಗಂಡನ ಗೊರಕೆ, ಪಕ್ಕದ ಮನೆಯವಳ ಹೊಸ ಪರದೆ, ಅತ್ತೆಯ ಹಟ, ಎಲ್ಲ ಹೇಳಿದಳು. ಇಬ್ಬರೂ ಡಬ್ಬಿ ಬಿಚ್ಚಿ ಒಟ್ಟಿಗೆ ಊಟ ಮಾಡಿದರು. ಎರಡನೇ ವಾರ ಹಾಳೆಯಕ್ಕ ಪಲ್ಯವನ್ನು ಇಬ್ಬರಿಗಾಗುವಷ್ಟು ತಂದಳು. ಮಾರ್ಕೆಟ್ಟಿನಲ್ಲಿ ಬೀನ್ಸ್ ಆರಿಸುವಾಗ, ಇದು ಅವಳಿಗೆ ಸೇರುತ್ತೋ ಇಲ್ಲವೋ ಎಂದು ಯೋಚಿಸಿದಳು. ಒಬ್ಬರ ನಾಲಿಗೆಯ ಬಗ್ಗೆ ಹಾಗೆ ಯೋಚಿಸಿ ಬಹಳ ಕಾಲವಾಗಿತ್ತು.

ಹಾಳೆಯ ವಿಷಯ ನೆನಪಿಗೆ ಬಂದಾಗಲೆಲ್ಲ ಪಕ್ಕಕ್ಕೆ ತಳ್ಳಿದಳು. ತಿಂದವರು ಸಾಯುವುದಿಲ್ಲ. ಒಂದು ಹಾಳೆಯ ತೂಕವಾದರೂ ಎಷ್ಟು. ಅಡುಗೆಯ ಪಾತ್ರೆಯೇ ಅಲ್ಯೂಮಿನಿಯಮ್ಮಿನದು ಇರುತ್ತದಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡಳು.

ಹದಿನೆಂಟನೆಯ ದಿನ ಮಾತಿನಮಲ್ಲಿ ಎಂದಿನಂತೆ ಮುರಿದ ತುಂಡುಗಳನ್ನು ಕವರಿಗೆ ತುಂಬುತ್ತಿದ್ದಳು. ಮುರಿದದ್ದನ್ನು ಕೆಲಸದವರು ಒಯ್ಯಬಹುದಿತ್ತು.

"ನಮ್ಮ ಅತ್ತೆ ಮಗು ಥರ ಆಗಿಬಿಟ್ಟಿದ್ದಾರೆ ಅಕ್ಕಾ. ಸಿಹಿ ಮಗ್ಗುಲಿಗಿಟ್ಟು ಹಾಳೆ ಕಿತ್ತು ಕಿತ್ತು ತಿಂತಾರೆ. ಬೆಳ್ಳಿ ಮೈಗೆ ಒಳ್ಳೇದಂತೆ."

"ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಶುದ್ಧವಾಗಿದ್ರೆ ಹೋದ ಹಾಗೇ ಹೊರಗೆ ಬರುತ್ತೆ."

"ಅವರಿಗೆ ಹೇಳು ನೀನು. ಕಿಡ್ನಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಮೊನ್ನೆ ಡಾಕ್ಟರು ಎದೆಯುರಿ ಟಾನಿಕ್ಕೂ ನಿಲ್ಲಿಸಿಬಿಟ್ರು. ಅದರಲ್ಲಿ ಅಲ್ಯೂಮಿನಿಯಂ ಇದೆಯಂತೆ. ಕಿಡ್ನಿ ಸರಿ ಇದ್ದವರಿಗೆ ಹೊರಗೆ ಹೋಗುತ್ತಂತೆ, ಇವರಿಗೆ ಒಳಗೇ ಉಳಿಯುತ್ತಂತೆ. ಟಾನಿಕ್ಕು ಇಲ್ಲ ಅಂತ ಮೂರು ದಿನ ಮುಖ ಊದಿಸ್ಕೊಂಡಿದ್ರು."

ಹಾಳೆಯಕ್ಕನ ಕೈ ನಿಂತಿತು. ಫ್ಯಾನ್ ತಿರುಗುತ್ತಿತ್ತು.

"ಆ ಕವರು ಒಯ್ಯಬೇಡ," ಎಂದಳು.

"ಯಾಕೆ?"

"ಇದು ಬೆಳ್ಳಿ ಅಲ್ಲ. ಅದೇ ಅಲ್ಯೂಮಿನಿಯಂ."

ಮಾತಿನಮಲ್ಲಿ ಮೊದಲು ತಮಾಷೆ ಎಂದುಕೊಂಡಳು. ಹಾಳೆಯಕ್ಕ ಎದ್ದು ಹಳೆಯ ಪುಸ್ತಕದಲ್ಲಿ ಉಳಿದಿದ್ದ ಬೆಳ್ಳಿಯನ್ನೂ, ಹೊಸದರಿಂದ ನಾಲ್ಕು ಹಾಳೆಯನ್ನೂ ತೆಗೆದುಕೊಂಡು ಒಲೆಗಳ ಕಡೆ ನಡೆದಳು. ಯಜಮಾನನನ್ನೂ ಕರೆಸಿದಳು. ಬೆಳ್ಳಿಯನ್ನು ಕೈ ತಾಗಿಸದೆ ಚಾಕುವಿನಿಂದ ಕಾಗದದ ಮೇಲೇ ಕೆರೆದು ಉಂಡೆ ಮಾಡಿ, ಚಿಮಟದಲ್ಲಿ ಹಿಡಿದು ಗ್ಯಾಸಿನ ನೀಲಿ ಉರಿಯ ತುದಿಗೆ ಒಡ್ಡಿದಳು. ಸ್ವಲ್ಪ ಹೊತ್ತಿಗೆ ಅದು ಕೆಂಪಾಗಿ, ಸಾಸಿವೆಗಿಂತ ಸಣ್ಣ, ಹೊಳೆಯುವ ಗುಂಡಾಯಿತು. ಹೊಸ ಹಾಳೆಯ ಉಂಡೆ ಸುಕ್ಕಾಗಿ, ಕಪ್ಪಿಟ್ಟು, ಬೂದಿಯಾಗಿ ಒಲೆಯ ಮೇಲೆ ಉದುರಿತು.

ಯಜಮಾನ ಬೂದಿಯನ್ನು ಬೆರಳಲ್ಲಿ ಮುಟ್ಟಿದ. ಆಮೇಲೆ ಅಂದಿನ ಮಾಲನ್ನೆಲ್ಲ ಹೊರಗೆ ಕಳಿಸದಂತೆ ನಿಲ್ಲಿಸಿದ.

"ಬರೀ ಅಲ್ಯೂಮಿನಿಯಮ್ಮೇ ಅಂತಲೂ ನಂಬಕ್ಕಾಗಲ್ಲ," ಎಂದಳು ಹಾಳೆಯಕ್ಕ. "ಬೆರಕೆ ಮಾಡೋನು ಸೀಸ ಹಾಕಲ್ಲ ಅಂತ ಏನು ಗ್ಯಾರಂಟಿ? ಲ್ಯಾಬಿಗೆ ಕಳಿಸಿ."

"ನಿಮಗೆ ಯಾವಾಗ ಗೊತ್ತಾಯ್ತು?"

ಮಾತಿನಮಲ್ಲಿ ಹಿಂದೆ ನಿಂತಿದ್ದಳು. ಕವರು ಕೈಯಲ್ಲೇ ಇತ್ತು.

"ಮೊದಲ ದಿನ," ಎಂದಳು ಹಾಳೆಯಕ್ಕ.

"ಮತ್ತೆ ಕೆಲಸ ಬೇಗ ಆಗುತ್ತೆ ಅಂದ್ರಲ್ಲ. ಸೋಮಾರಿತನಕ್ಕೆ ಜನರಿಗೆ ತಿನ್ನಿಸೋದಾ ಇದನ್ನ?"

ಅವಳು ಇಲ್ಲ ಎನ್ನಲಿಲ್ಲ. ಸೋಮಾರಿ ಎಂದುಕೊಳ್ಳಲಿ. ನಿಜವಾದ ಕಾರಣ ಹೇಳುವುದಕ್ಕಿಂತ ಅದೇ ಮೇಲು.

ಯಜಮಾನ ಫೋನ್ ಮಾಡಲು ಹೋದ ಮೇಲೆ ಮಾತಿನಮಲ್ಲಿ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಹದಿನೆಂಟು ದಿನ ನಿನ್ನ ಕಣ್ಣೆದುರಿಗೇ ನಾನು ಕವರು ಕಟ್ಟಿದೆ. ನೀನು ರಬ್ಬರ್ ಬ್ಯಾಂಡ್ ಕೊಟ್ಟೆ."

"ಅತ್ತೆಗೆ ಕಿಡ್ನಿ ಅಂತ ಇವತ್ತೇ ಗೊತ್ತಾಗಿದ್ದು."

"ಅವರಿಗೆ ಕಿಡ್ನಿ ಸರಿ ಇದ್ದಿದ್ರೆ ಇವತ್ತೂ ಸುಮ್ಮನೇ ಇರ್ತಿದ್ದೆ ತಾನೆ?"

ಹೌದು, ಇರುತ್ತಿದ್ದಳು. ಮಾತಿನಮಲ್ಲಿ ಕವರನ್ನು ಕಸದ ಡಬ್ಬಕ್ಕೆ ಹಾಕಿ ಕೈ ತೊಳೆಯಲು ಹೋದಳು.

ಒಂದು ವಾರ ಹಾಳೆ ಇಲ್ಲದೆ ಸಿಹಿ ಮಾರಿದರು. ಆಮೇಲೆ ದೂರದಿಂದ ಬೆಳ್ಳಿ ಬಂತು. ಮುಟ್ಟಿದರೆ ಬೆರಳಿಗೆ ಬೂದು ಬಳಿಯುವ, ಉಸಿರಿಗೆ ಮಡಚಿಕೊಳ್ಳುವ ಹಾಳೆ. ಯಜಮಾನ ಮೊದಲ ಪುಸ್ತಕದಿಂದ ನಾಲ್ಕು ಹಾಳೆ ತೆಗೆದು ಅವಳ ಕಣ್ಣೆದುರಿಗೇ ಸುಟ್ಟು ಗುಂಡು ನೋಡಿದ. ಫ್ಯಾನ್ ನಿಂತಿತು. ಮಾತಿನಮಲ್ಲಿ ಮತ್ತೆ ಒಲೆಯ ಪಕ್ಕದ ಪ್ಯಾಕಿಂಗ್ ಮೇಜಿಗೆ ಹೋದಳು. ಅಲ್ಲಿನ ಹೆಂಗಸರು ಬೆವರು ಒರೆಸಿಕೊಳ್ಳುತ್ತ ಹಾಳೆಯಕ್ಕನ ಕೋಣೆಯ ಕಡೆ ನೋಡುವ ರೀತಿ ಬದಲಾಗಿತ್ತು.

ತಿಂಗಳ ಕೊನೆಗೆ ಮಾತಿನಮಲ್ಲಿ ಹಾಳೆ ಅಂಟಿಸಿದ ಸಿಹಿಯ ತಟ್ಟೆಗಳನ್ನು ಒಯ್ಯಲು ಬಂದಳು. ಹಾಳೆಯಕ್ಕ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟು ಕೇಳಿದಳು.

"ಅತ್ತೆ ಹೇಗಿದ್ದಾರೆ?"

"ರಕ್ತ ಪರೀಕ್ಷೆ ಆಯ್ತು. ಮೊದಲಿನ ಥರಾನೇ ಇದೆಯಂತೆ."

"ಒಳ್ಳೇದಾಯ್ತು."

ಮಾತಿನಮಲ್ಲಿ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಅವಳು ಮೂರು ಮನೆಯ ಸುದ್ದಿ ಮುಗಿಸಿರುತ್ತಿದ್ದಳು.

"ಇವತ್ತು ಬೀನ್ಸ್ ಪಲ್ಯ ತಂದಿದ್ದೀನಿ," ಎಂದಳು ಹಾಳೆಯಕ್ಕ. "ಜಾಸ್ತಿ ಇದೆ."

"ನಮ್ಮದು ಊಟ ಆಯ್ತು. ನೀವು ಮಾಡಿ."

ತಟ್ಟೆ ಹಿಡಿದ ಕೈಗಳು ಖಾಲಿ ಇಲ್ಲದ್ದರಿಂದ ಅವಳು ಬಾಗಿಲನ್ನು ತೆರೆದೇ ಬಿಟ್ಟು ಹೋದಳು. ಹೊರಗಿನ ಗಾಳಿಗೆ ಪುಸ್ತಕದ ಮೇಲಿನ ಹಾಳೆಯ ಅಂಚು ಎದ್ದಿತು. ಹಾಳೆಯಕ್ಕ ಎದ್ದು ಬಾಗಿಲು ಹಾಕಿಕೊಂಡಳು. ಇನ್ನೂ ಹನ್ನೊಂದು ತಟ್ಟೆ ಬಾಕಿ ಇದ್ದವು.