ಎರಡು ಸಲ ಹೇಳಿದ ವಾಕ್ಯ

ಕಾರ್ಯಾಗಾರದ ನಾಲ್ಕನೇ ಮೇಜಿನಿಂದ "ಅಮ್ಮಾ!" ಎಂಬ ಕೂಗು ಬಂದದ್ದೂ, ಆ ಸಾಲಿನ ಫ್ಯಾನುಗಳೆಲ್ಲ ಒಮ್ಮೆಗೇ ನಿಂತದ್ದೂ ಒಂದೇ ಕ್ಷಣದಲ್ಲಿ. ವೈರಿಂಗ್ ಮೇಡಂ ಕೈಲಿದ್ದ ಹಾಜರಿ ಪುಸ್ತಕವನ್ನು ಎಸೆದು ಓಡಿದರು.

ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ನಲವತ್ತರ ಹೆಂಗಸು ಗೋಡೆಗೆ ಒರಗಿ ಕುಸಿದು ಕೂತಿದ್ದಳು. ಆಕೆ ಆನ್‌ಲೈನ್ ವಿದ್ಯಾರ್ಥಿನಿ. ಮನೆಯಲ್ಲೇ ವಿಡಿಯೋ ನೋಡಿ ಕಲಿತು, ತಿಂಗಳಿಗೊಂದು ದಿನ ಪ್ರಾಯೋಗಿಕಕ್ಕೆ ಬರುತ್ತಿದ್ದಳು. ಬಲಗೈಯ ತೋರುಬೆರಳ ತುದಿ ಬೆಳ್ಳಗೆ ಸುಟ್ಟಿತ್ತು. ಮೊಣಕೈ ಬೋರ್ಡಿನ ಕಬ್ಬಿಣದ ಚೌಕಟ್ಟಿಗೆ ತಾಗಿದ್ದರಿಂದ ಕರೆಂಟು ಕೈಯಿಂದ ಹಾದು ಹೋಗಿತ್ತು. ಪುಣ್ಯಕ್ಕೆ ಕಾರ್ಯಾಗಾರದಲ್ಲಿ ಸೋರಿಕೆ ಹಿಡಿಯುವ ಬ್ರೇಕರ್ ಇತ್ತು. ಕಣ್ಣು ಮಿಟುಕಿಸುವುದರೊಳಗೆ ಅದು ಬಿದ್ದು ಕರೆಂಟು ಕಡಿದಿತ್ತು.

ಕಾಲೇಜಿನ ನರ್ಸ್ ಬಂದು, ನಾಡಿ ನೋಡಿ, ಬೆರಳಿಗೆ ಪಟ್ಟಿ ಕಟ್ಟಿ, ಆಸ್ಪತ್ರೆಗೆ ಹೋಗಿ ಎದೆಬಡಿತ ಪರೀಕ್ಷೆ ಮಾಡಿಸಲೇಬೇಕು ಎಂದಳು. ಗಾಡಿ ಬರುವವರೆಗೆ ಮೇಡಂ ಬೋರ್ಡ್ ಪರೀಕ್ಷಿಸಿದರು. ಎರಡು ಲೈನುಗಳಲ್ಲಿ ಆಕೆ ಆಫ್ ಮಾಡಿದ್ದು ಪಕ್ಕದ ಲೈನನ್ನು. ಮನೆಯಿಂದ ತಂದಿದ್ದ ಅವಳ ಟೆಸ್ಟರಿನ ದೀಪ ಎಂದೋ ಸತ್ತಿತ್ತು. ಕರೆಂಟಿದ್ದ ತಂತಿಗೆ ಅದನ್ನಿಟ್ಟಿದ್ದಾಳೆ, ಉರಿದಿಲ್ಲ, ಬೆರಳಿಟ್ಟಿದ್ದಾಳೆ.

"ಟೆಸ್ಟರ್ ಸರಿಯಿದ್ಯಾ ಅಂತ ಮೊದಲು ನೋಡ್ಬೇಕು ಅಂತ ಬಾಯಿ ಬಡ್ಕೊಂಡು ಹೇಳಿದೀನಲ್ಲಮ್ಮಾ!" ಮೇಡಂ ಗದರಿದರು. ಹೆದರಿಕೆಯೇ ಸಿಟ್ಟಾಗಿ ಹೊರಬಂದಿತ್ತು.

ಆಕೆ ತಲೆ ತಗ್ಗಿಸಲಿಲ್ಲ. "ನೀವು ಹೇಳಿಲ್ಲ ಮೇಡಂ. ಹನ್ನೊಂದು ಸಲ ನೋಡಿದೀನಿ ನಿಮ್ಮ ವಿಡಿಯೋ. ಬಾಯಿಪಾಠ ಒಪ್ಪಿಸ್ಲಾ? 'ಆಫ್ ಮಾಡಿದ ಲೈನಿಗೆ ಟೆಸ್ಟರ್ ಇಟ್ಟು ನೋಡಿ. ಉರಿಯಬಾರದು. ಈಗ ಕೆಲಸ ಶುರು ಮಾಡಬಹುದು.' ಅಷ್ಟೇ ಇರೋದು."

ಇಪ್ಪತ್ತೇಳು ವರ್ಷದಿಂದ ಮೇಡಂ ಒಂದೇ ಪಾಠವನ್ನು ಒಂದೇ ಮಾತಿನಲ್ಲಿ ಹೇಳಿಕೊಂಡು ಬಂದಿದ್ದರು. ಕರೆಂಟ್ ಇದೆ ಎಂದು ಗೊತ್ತಿರುವ ಪಾಯಿಂಟಿಗೆ ಮೊದಲು ಟೆಸ್ಟರ್ ಇಡು, ಉರಿಯಬೇಕು. ಆಫ್ ಮಾಡಿದ ಲೈನಿಗೆ ಇಡು, ಉರಿಯಬಾರದು. ಮತ್ತೆ ಆ ಗೊತ್ತಿರುವ ಪಾಯಿಂಟಿಗೇ ಇಡು, ಉರಿಯಬೇಕು. ಮೂರೂ ಆದಮೇಲೆ ಕೈ ಹಾಕು. ಈ ಮೂರಲ್ಲಿ ಎರಡನ್ನು ನುಂಗಿದವರು ಯಾರು?

ಗಾಡಿ ಆ ಹೆಂಗಸನ್ನು ಕರೆದುಕೊಂಡು ಹೋದದ್ದೇ ತಡ, ಮೇಡಂ ಎರಡು ಮಹಡಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರು.

ಕಾಲೇಜಿನ ರೆಕಾರ್ಡಿಂಗ್ ಕೋಣೆ ಹಿಂದೆ ನಕ್ಷೆಗಳನ್ನು ಇಡುವ ಉಗ್ರಾಣವಾಗಿತ್ತು. ಈಗ ಗೋಡೆಗೆ ದಪ್ಪ ಕಂಬಳಿ, ಕಿಟಕಿಗೆ ಕಪ್ಪು ಬಟ್ಟೆ. ನಡುವೆ ಕ್ಯಾಮೆರಾ, ಅದರ ಮೂತಿಗೆ ಓರೆಯಾಗಿ ನಿಲ್ಲಿಸಿದ ಗಾಜು, ಗಾಜಿನ ಕೆಳಗೆ ಮಲಗಿಸಿದ ಟ್ಯಾಬ್ಲೆಟ್. ಟ್ಯಾಬ್ಲೆಟ್ಟಿನಲ್ಲಿ ಓದಬೇಕಾದ ಪಾಠದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓಡುತ್ತವೆ. ಗಾಜಿನಲ್ಲಿ ನೆಟ್ಟಗೆ ಕಾಣುತ್ತವೆ. ಓದುವವರು ಗಾಜನ್ನು ನೋಡಿದರೆ ಅದರ ಹಿಂದಿನ ಕ್ಯಾಮೆರಾವನ್ನೇ ನೋಡಿದಂತೆ.

ಎರಡು ತಿಂಗಳ ಹಿಂದೆ ಇಲ್ಲೇ ಆ ಪಾಠದ ಚಿತ್ರೀಕರಣ ಆಗಿತ್ತು. ಕತ್ತರಿ ಎಂದು ಎಲ್ಲರೂ ಕರೆಯುವ ಎಡಿಟರ್ ಕ್ಯಾಮೆರಾವನ್ನು ಮೇಡಂ ಕಣ್ಣಿನ ಎತ್ತರಕ್ಕೆ ತಂದು, ಎರಡು ಮೀಟರು ಹಿಂದೆ ಸರಿಸಿದ್ದ. "ಹತ್ತಿರ ಇದ್ರೆ ಸಾಲು ಓದೋವಾಗ ಕಣ್ಣು ಆಚೀಚೆ ಓಡೋದು ಕಾಣತ್ತೆ ಮೇಡಂ" ಎಂದು ಅಕ್ಷರ ದೊಡ್ಡದು ಮಾಡಿ, ಸಾಲು ಕಿರಿದು ಮಾಡಿದ್ದ. ಕಣ್ಣು ಚಿತ್ರದ ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗದ ಗೆರೆಗೆ ಬರುವಂತೆ, ತಲೆಯ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಭುಜದವರೆಗೆ ಮಾತ್ರ ಹಿಡಿದಿದ್ದ. ತಪ್ಪಿದರೆ ಚಪ್ಪಾಳೆ ತಟ್ಟಿ ವಾಕ್ಯವನ್ನು ಮೊದಲಿಂದ ಹೇಳಬೇಕು. ಧ್ವನಿಯ ಗೆರೆಯಲ್ಲಿ ಚಪ್ಪಾಳೆ ಚೂಪಾಗಿ ಎದ್ದು ಕಾಣುತ್ತದೆ, ಅಲ್ಲಿ ಕತ್ತರಿಸುತ್ತೇನೆ ಎಂದಿದ್ದ. ಎಲ್ಲ ಅಚ್ಚುಕಟ್ಟು. ಮೇಡಂ ಆ ದಿನ ಹದಿನಾರು ಸಲ ಚಪ್ಪಾಳೆ ತಟ್ಟಿದ್ದರು.

ಈಗ ಕತ್ತರಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಮೇಡಂ ಅದನ್ನು ಅವನ ಕಿವಿಯಿಂದ ಕಿತ್ತರು.

"ನನ್ನ ಪಾಠನ ಯಾರನ್ನ ಕೇಳಿ ಕತ್ತರಿಸಿದೆ? ಕೆಳಗೆ ಒಬ್ಬಳಿಗೆ ಶಾಕ್ ಹೊಡ್ದಿದೆ! ಬ್ರೇಕರ್ ಇಲ್ದೇ ಇದ್ದಿದ್ರೆ ಇಷ್ಟೊತ್ತಿಗೆ ಅವಳ ಮಕ್ಕಳಿಗೆ ಏನು ಹೇಳ್ತಿದ್ದೆ ನೀನು?"

ಕತ್ತರಿ ಆ ಪಾಠದ ಫೈಲು ತೆರೆದ. ಪರದೆಯ ಮೇಲೆ ಮೇಡಂ ಮುಖ ಬಂತು. ಅವರು ಅಭ್ಯಾಸಬಲದಿಂದ ಕಣ್ಣು ಆಚೆ ತಿರುಗಿಸಿದರು. ಆಮೇಲೆ ಹಲ್ಲು ಕಚ್ಚಿ ನೋಡಿದರು. ವಿಡಿಯೋ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿತ್ತು. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಮುಖ ಸ್ವಲ್ಪ ದೊಡ್ಡದಾಗುತ್ತಿತ್ತು, ಮತ್ತೆ ಸ್ವಲ್ಪ ಚಿಕ್ಕದಾಗುತ್ತಿತ್ತು. ಕತ್ತರಿಸಿದ ಜಾಗದ ನೆಗೆತ ಬೇಕೆಂದೇ ಮಾಡಿದ್ದೆನಿಸುವಂತೆ. ಸುಳ್ಳು ಹೇಳಿದರೂ ನಂಬುವಷ್ಟು ಚೆಂದ.

"ಇಲ್ಲಿ ನೋಡಿ" ಎಂದು ಕತ್ತರಿ ಕತ್ತರಿಸದ ಮೂಲ ತೋರಿಸಿದ. "ನೀವು 'ಗೊತ್ತಿರೋ ಪಾಯಿಂಟಿಗೆ ಟೆಸ್ಟರ್ ಇಟ್ಟು ನೋಡಿ, ಉರಿಯಬೇಕು' ಅಂದ್ರಿ. ಒಂದು ವಾಕ್ಯ ಆದ್ಮೇಲೆ ಮುಂದೆ 'ಮತ್ತೆ' ಅಂತ ಸೇರಿಸಿ ಅದನ್ನೇ ಅಂದ್ರಿ, ಉಳಿದದ್ದು ಅಕ್ಷರ ಅಕ್ಷರ ಅದೇ. ತಪ್ಪಿ ಮತ್ತೊಂದು ಸಲ ಹೇಳಿದೀರಾ ಅಂದ್ಕೊಂಡೆ. ಒಂದೇ ವಾಕ್ಯ ಎರಡು ಸಲ ಇದ್ರೆ ಮೊದಲನೇದು ಎಸೆದು ಕೊನೇದು ಇಟ್ಕೊಳ್ಳೋದು ನಮ್ಮ ರೂಢಿ."

"ನಾನು ಅಲ್ಲಿ ಚಪ್ಪಾಳೆ ತಟ್ಟಿದ್ನಾ?"

ಕತ್ತರಿ ಧ್ವನಿಯ ಗೆರೆ ನೋಡಿದ. ಅಲ್ಲಿ ಚೂಪು ಇರಲಿಲ್ಲ. "ಇಲ್ಲ" ಎಂದ ಸಣ್ಣಗೆ. "ತಪ್ಪು ನಂದೇ. ಆದ್ರೆ ಕೊನೇದನ್ನ ನಾನಾಗಿ ತೆಗೀಲಿಲ್ಲ ಮೇಡಂ. ಇದು ನೋಡಿ."

ಉಪಪ್ರಾಂಶುಪಾಲರ ಚೀಟಿ. ಏಳು ನಿಮಿಷಕ್ಕಿಂತ ಒಂದು ಸೆಕೆಂಡೂ ಜಾಸ್ತಿ ಇರಬಾರದು. ಮಕ್ಕಳು ಬೇಸರಪಟ್ಟು ಬಿಟ್ಟುಹೋಗುತ್ತಾರೆ. 'ಮತ್ತೆ' ಎಂದು ಶುರುವಾಗುವ ವಾಕ್ಯಗಳನ್ನೆಲ್ಲ ತೆಗೆಯಿರಿ. ಕೆಳಗೆ ಸಹಿ.

ಮೇಡಂ ಆ ಚೀಟಿ ಹಿಡಿದುಕೊಂಡೇ ಉಪಪ್ರಾಂಶುಪಾಲರ ಕೋಣೆಗೆ ನುಗ್ಗಿದರು. ಕತ್ತರಿ ಹಿಂದೆಯೇ ಬಂದ. ಉಪಪ್ರಾಂಶುಪಾಲರು ಕಾಲೇಜನ್ನು ನೋಡಲು ಬರುವ ಪರಿಶೀಲನಾ ಸಮಿತಿಗೆ ತೋರಿಸಬೇಕಾದ ಪಟ್ಟಿ ತಿದ್ದುತ್ತಿದ್ದರು. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ಪಾಪ. ಆದ್ರೆ ಆಕೆ ತಪ್ಪು ಸ್ವಿಚ್ ಆಫ್ ಮಾಡಿದ್ದು, ಅಲ್ವಾ?"

"ತಪ್ಪು ಮಾಡೋರಿಗೇ ಸಾರ್ ಆ ಪಾಠ ಇರೋದು! ತಪ್ಪೇ ಮಾಡದೋರಿಗೆ ಟೆಸ್ಟರ್ ಯಾಕೆ ಬೇಕು? ವಿಡಿಯೋ ಈಗಲೇ ತೆಗೀರಿ."

"ಸಮಿತಿ ಬರೋದು ಗುರುವಾರ. ನಾನೂರ ಹನ್ನೆರಡು ಜನ ಪೂರ್ತಿ ನೋಡಿರೋದು ಇದೊಂದನ್ನೇ. ಕೆಳಗೆ ಎರಡು ಸಾಲು ಬರಹ ಹಾಕೋಣ, ಸಾಕು."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಪ್ಪತ್ತೇಳು ವರ್ಷ ಒಬ್ಬರ ಕೈಯೂ ಸುಡದ ಹಾಗೆ ಕಲಿಸಿದೀನಿ. ನೀವು ಒಂದು ಚೀಟಿ ಬರೆದು ಒಡೆದ್ರಿ!" ಮೇಡಂ ಮೇಜು ಗುದ್ದಿದರು. ನೀರಿನ ಲೋಟ ಉರುಳಿ ಪಟ್ಟಿಯೆಲ್ಲ ಒದ್ದೆಯಾಯಿತು. ಯಾರೂ ಒರೆಸಲಿಲ್ಲ.

ಉಪಪ್ರಾಂಶುಪಾಲರು ಈಗ ಕಂಪ್ಯೂಟರ್ ಕಡೆ ತಿರುಗಿ, ಒಂದು ಪುಟ ತೆರೆದು, ಪರದೆಯನ್ನು ಮೇಡಂ ಕಡೆ ತಿರುಗಿಸಿದರು. "ಒಡೆದೋರು ನಾವಿಬ್ಬರೇ ಅಲ್ಲ. ಪ್ರಕಟಣೆಗೆ ಮುಂಚೆ ಪಾಠ ಮಾಡಿದೋರು ಪೂರ್ತಿ ನೋಡಿ ಒಪ್ಪಬೇಕು. ಒಪ್ಪಿದೋರು ಯಾರು, ಓದಿ."

ಅಲ್ಲಿ ಮೇಡಂ ಹೆಸರೇ ಇತ್ತು.

ಮೇಡಂಗೆ ಆ ಸಂಜೆ ನೆನಪಾಯಿತು. ಪರದೆಯ ಮೇಲೆ ತನ್ನ ಕತ್ತಿನ ಸುಕ್ಕು, ತನ್ನ ಧ್ವನಿ ಅವರಿಗೆ ಸಹಿಸಲಾಗಿರಲಿಲ್ಲ. ಮೊದಲ ಅರ್ಧ ನಿಮಿಷಕ್ಕೇ ಫೋನನ್ನು ಗಂಡನ ಕೈಗಿತ್ತು, "ನೀವೇ ನೋಡಿ ಹೇಳ್ರೀ" ಎಂದು ಅಡುಗೆಮನೆಗೆ ಹೋಗಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಆ ಮನುಷ್ಯನಿಗೆ ಟೆಸ್ಟರ್ ಯಾವುದು, ಸ್ಕ್ರೂಡ್ರೈವರ್ ಯಾವುದು ಎಂದೇ ಗೊತ್ತಿಲ್ಲ. "ಸೂಪರ್ ಕಣೇ, ಸಿನಿಮಾದೋರ ಹಾಗೆ ಕಾಣ್ತೀಯ" ಎಂದಿದ್ದರು. ಅಷ್ಟಕ್ಕೇ ಮೇಡಂ ಒಪ್ಪಿಗೆಯ ಗುಂಡಿ ಒತ್ತಿದ್ದರು.

ಸಿಟ್ಟು ಇಳಿಯಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಎದೆಯೊಳಗೇ ತಿರುಗಿತು. "ನಂದೂ ತಪ್ಪು" ಎಂದರು. "ಬರೆದು ಕೊಡ್ತೀನಿ. ಸಮಿತಿಗೂ ಹೇಳ್ತೀನಿ. ಆದ್ರೆ ಆ ವಿಡಿಯೋ ಇನ್ನೊಂದು ಗಂಟೆ ಅಲ್ಲಿರಕೂಡದು."

"ನಾನು ತೆಗೆಯಲ್ಲ" ಎಂದರು ಉಪಪ್ರಾಂಶುಪಾಲರು.

"ನಾನು ತೆಗ್ದೆ" ಎಂದ ಬಾಗಿಲ ಬಳಿ ನಿಂತಿದ್ದ ಕತ್ತರಿ, ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾ.

ಮಾರನೆಯ ಬೆಳಿಗ್ಗೆಯೇ ಮರುಚಿತ್ರೀಕರಣ. ಮೇಡಂ ಸ್ಕ್ರಿಪ್ಟಿನಲ್ಲಿ ಮೂರು ಪರೀಕ್ಷೆಗೂ ಒಂದು, ಎರಡು, ಮೂರು ಎಂದು ಅಂಕಿ ಹಾಕಿದರು, ಎರಡು ವಾಕ್ಯ ಅವಳಿಜವಳಿಯಂತೆ ಕಾಣದಿರಲೆಂದು ಮೂರನೆಯದರ ಮಾತನ್ನೇ ಬದಲಿಸಿದರು: "ಟೆಸ್ಟರ್ ಈ ನಡುವೆ ಸತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ." ಕತ್ತರಿ ಎಂದಿನಂತೆ ಭುಜದವರೆಗೆ ಚೌಕಟ್ಟು ಹಿಡಿದಾಗ ಮೇಡಂ ಸಿಡುಕಿದರು.

"ನನ್ನ ಮೂತಿ ನೋಡಿ ಏನು ಕಲೀತಾರೆ? ಕೈ ಕಾಣ್ಲಿ."

ಕತ್ತರಿ ವಾದಿಸಲಿಲ್ಲ. ಕ್ಯಾಮೆರಾ ಹಿಂದಕ್ಕೆ ಹೋಯಿತು. ಅಕ್ಷರ ಇನ್ನಷ್ಟು ದೊಡ್ಡದಾಯಿತು. ಸೊಂಟದವರೆಗೆ, ಬೋರ್ಡೂ ಟೆಸ್ಟರೂ ಕಾಣುವಂತೆ ಚೌಕಟ್ಟು ಅಗಲವಾಯಿತು. ಮೂರು ಪರೀಕ್ಷೆಯ ಭಾಗವನ್ನು ಒಂದೇ ಓಟದಲ್ಲಿ ತೆಗೆಯುವುದು, ಅದರೊಳಗೆ ಒಂದು ಕಟ್ಟೂ ಇರಬಾರದು ಎಂದು ಇಬ್ಬರೂ ಒಪ್ಪಿದರು. ತಪ್ಪಿದರೆ ಮೊದಲ ಪರೀಕ್ಷೆಯಿಂದ ಮತ್ತೆ. ಎಂಟನೆಯ ಪ್ರಯತ್ನಕ್ಕೆ ಸರಿಯಾಯಿತು. ಕತ್ತರಿ ಗಾಜಿನ ಪಕ್ಕದಲ್ಲಿ ಕೂತು, ಮೇಡಂ ನಾಲಿಗೆಯ ವೇಗಕ್ಕೆ ಸಾಲು ಸರಿಸುತ್ತಿದ್ದ; ಅವರು ಟೆಸ್ಟರ್ ಇಡುವಾಗ ಅಕ್ಷರ ನಿಲ್ಲುತ್ತಿತ್ತು, ತಲೆ ಎತ್ತಿದಾಗ ಮುಂದಕ್ಕೆ ಹೋಗುತ್ತಿತ್ತು.

ವಿಡಿಯೋದ ಆರಂಭಕ್ಕೆ ಮೇಡಂ ಸ್ಕ್ರಿಪ್ಟಿನಲ್ಲಿಲ್ಲದ ಮಾತು ಸೇರಿಸಿದರು. ಗಾಜಿನ ಮೇಲೆ ಅಕ್ಷರ ಇರಲಿಲ್ಲ. "ನಿಮಗೆ ಈ ಹಿಂದೆ ಕಳಿಸಿದ ಪಾಠ ತಪ್ಪು. ಅದನ್ನು ನೋಡದೆ ಒಪ್ಪಿದವಳು ನಾನು. ಅದನ್ನು ನಂಬಿ ಒಬ್ಬರ ಕೈ ಸುಟ್ಟಿದೆ." ಧ್ವನಿ ನಡುಗಿತು. ಚಪ್ಪಾಳೆ ತಟ್ಟಲಿಲ್ಲ.

ಹತ್ತು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೋವನ್ನು ಮೇಡಂ ಕತ್ತರಿಯ ಪಕ್ಕ ಕುಳಿತು, ತನ್ನ ಮುಖದಿಂದ ಕಣ್ಣು ಕೀಳದೆ, ಎರಡು ಸಲ ಪೂರ್ತಿ ನೋಡಿದರು. ಮಧ್ಯಾಹ್ನ ಉಪಪ್ರಾಂಶುಪಾಲರಿಂದ ಇಬ್ಬರಿಗೂ ಒಂದೊಂದು ನೋಟಿಸ್ ಬಂತು. ಸಮಿತಿ ಬಂದು ಹೋಗುವವರೆಗೆ ರೆಕಾರ್ಡಿಂಗ್ ಕೋಣೆಗೆ ಬೀಗ. ಅಷ್ಟರಲ್ಲಿ ವಿಡಿಯೋ ಎಲ್ಲ ವಿದ್ಯಾರ್ಥಿಗಳಿಗೂ ಹೋಗಿ ಆಗಿತ್ತು.

ಸಂಜೆ ಮೇಡಂ ಆಸ್ಪತ್ರೆಗೆ ಹೋದಾಗ ಆ ಹೆಂಗಸಿನ ಎದೆಬಡಿತ ಸರಿಯಿತ್ತು. ಆಕೆ ಮೇಡಂ ಕ್ಷಮೆ ಕೇಳಿದ್ದನ್ನು ಕೇಳಿಸಿಕೊಂಡಳು. ಪರವಾಗಿಲ್ಲ ಎಂದು ಹೇಳಲಿಲ್ಲ. "ಬಲಗೈ ಬೆರಳು ಮೇಡಂ. ಹದಿನೈದು ದಿನ ಅಂಗಡಿ ತೆಗೆಯೋ ಹಾಗಿಲ್ಲ" ಎಂದಳು ಅಷ್ಟೇ.

ಮೇಡಂ ಹೊರಗಿನ ಬೆಂಚಿನ ಮೇಲೆ ಕೂತು ಫೋನು ನೋಡಿದರು. ವಿದ್ಯಾರ್ಥಿಗಳ ಉತ್ತರ ಒಂದರ ಹಿಂದೊಂದು ಬರುತ್ತಿತ್ತು. ಹೆಚ್ಚಿನವು ಧನ್ಯವಾದ, ಕೈಮುಗಿದ ಚಿತ್ರ. ನಡುವೆ ಒಂದು: "ಮೇಡಂ, ಮೊನ್ನೆ ಹಳೇ ವಿಡಿಯೋ ನೋಡಿದ್ದ ನಮ್ಮಪ್ಪ ಇವತ್ತು ಪಕ್ಕದ ಮನೆ ಬೋರ್ಡ್ ಬಿಚ್ಚೋಕೆ ಹೋಗಿದಾರೆ. ಏನೂ ಆಗಲ್ಲ ಅಲ್ವಾ?"

ಮೇಡಂ ಎದ್ದು ನಿಂತರು. ಆ ಸಂಖ್ಯೆಗೆ ಕರೆ ಮಾಡಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಒಂದು ಹುಡುಗಿಯ ದನಿ "ಹಲೋ" ಎಂದಿತು.

"ಓಡು!" ಮೇಡಂ ಕಿರುಚಿದರು. ಆಸ್ಪತ್ರೆಯ ಪಡಸಾಲೆಯೆಲ್ಲ ತಿರುಗಿ ನೋಡಿತು. "ಫೋನ್ ಕೈಲೇ ಹಿಡ್ಕೊಂಡು ಓಡು ಮಗಳೇ. ನಿಮ್ಮಪ್ಪನಿಗೆ ಕೈ ತೆಗೀರಿ ಅನ್ನು. ನಾನು ಲೈನಲ್ಲೇ ಇದೀನಿ."

ಚಪ್ಪಲಿಯ ಸದ್ದು, ಏದುಸಿರು, ಗೇಟಿನ ಕಿರ್ರೆಂಬ ಶಬ್ದ. "ಅಪ್ಪಾ, ಕೈ ತೆಗೀರಿ!" ಆಮೇಲೆ ಗಂಡಸಿನ ರೇಗಿದ ದನಿ: "ಏನೇ ನಿಂದು? ಇನ್ನೂ ಕವರೇ ಬಿಚ್ಚಿಲ್ಲ."

ಮೇಡಂ ಬೆಂಚಿನ ಮೇಲೆ ಕೂತರು. ಫೋನನ್ನು ಅಪ್ಪನಿಗೆ ಕೊಡು ಎಂದರು. ಮೂರು ಪರೀಕ್ಷೆಯನ್ನೂ ಒಂದೊಂದಾಗಿ, ಬೈಯುವ ದನಿಯಲ್ಲೇ, ಆತ ಮಾಡಿ ಮುಗಿಸುವವರೆಗೆ ಹೇಳಿಕೊಟ್ಟರು.